ಒಂದೇ ಸರ್ವರ್‌ನ ಸರತಿ ಸಾಲು ಮತ್ತು ಸಮತೋಲನ ಸಮೀಕರಣ: ಪದೇ ಪದೇ ಕೇಳುವ ಪ್ರಶ್ನೆಗಳು

ಸಂಭವನೀಯತೆ ಓದುವವರು, ಸರ್ವರ್‌ಗಳ ಲೋಡ್ ಅಂದಾಜು ಮಾಡುವವರು, ಸಿಮ್ಯುಲೇಶನ್ ಬರೆಯುವವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಆದಷ್ಟೂ ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಉದ್ದಕ್ಕೂ ಒಂದೇ ಉದಾಹರಣೆ ಬಳಸಿದ್ದೇನೆ: ಒಂದು ಕೌಂಟರ್, ಗಂಟೆಗೆ ಸರಾಸರಿ 10 ಜನ ಬರುತ್ತಾರೆ, ಒಬ್ಬರ ಕೆಲಸಕ್ಕೆ ಸರಾಸರಿ 5 ನಿಮಿಷ. ಅಂದರೆ ಗಂಟೆಗೆ ಆಗಮನದ ದರ λ = 10, ಸೇವೆಯ ದರ μ = 12. ‘ಸಾಲಿನಲ್ಲಿ n ಜನ’ ಎಂದಾಗಲೆಲ್ಲ ಕೌಂಟರ್ ಮುಂದೆ ಕೆಲಸ ಮಾಡಿಸಿಕೊಳ್ಳುತ್ತಿರುವವರನ್ನೂ ಸೇರಿಸಿ ಲೆಕ್ಕ ಹಾಕಿದ್ದೇನೆ.

## ಶುರುವಿನ ಪ್ರಶ್ನೆಗಳು

M/M/1 ಅಂದರೆ ಏನು? ಎರಡು M ಯಾಕೆ?

ಈ ಸಂಕೇತವನ್ನು ಡೇವಿಡ್ ಕೆಂಡಾಲ್ 1953ರಲ್ಲಿ ಬಳಕೆಗೆ ತಂದರು. ಮೊದಲ ಅಕ್ಷರ ಆಗಮನಗಳ ಬಗ್ಗೆ, ಎರಡನೆಯದು ಸೇವೆಯ ಅವಧಿಯ ಬಗ್ಗೆ, ಕೊನೆಯ ಅಂಕಿ ಸರ್ವರ್‌ಗಳ ಸಂಖ್ಯೆ. M ಎಂದರೆ ಮಾರ್ಕೋವ್. ಇಲ್ಲಿ ಅದರ ಅರ್ಥ, ಆ ಅವಧಿಗಳು ಘಾತೀಯ ವಿತರಣೆಯವು.

ಘಾತೀಯ ಅವಧಿಗೆ ನೆನಪು ಎಂಬುದೇ ಇಲ್ಲ. ಕೌಂಟರಿನಲ್ಲಿರುವವರ ಕೆಲಸ ಶುರುವಾಗಿ ಆಗಲೇ 4 ನಿಮಿಷ ಆಗಿದ್ದರೂ, ಇನ್ನೂ ಎಷ್ಟು ಹೊತ್ತು ಹಿಡಿಯುತ್ತದೆ ಎಂದರೆ ಸರಾಸರಿ 5 ನಿಮಿಷವೇ. ಕೇಳಲು ವಿಚಿತ್ರ ಅನಿಸುತ್ತದೆ, ಆದರೆ ಲೆಕ್ಕವೆಲ್ಲ ಸಲೀಸಾಗುವುದು ಇದರಿಂದಲೇ. ಮುಂದೆ ಏನಾಗಬಹುದು ಎಂದು ಹೇಳಲು ಈಗ ಎಷ್ಟು ಜನ ಇದ್ದಾರೆ ಎಂಬ ಒಂದೇ ಸಂಖ್ಯೆ ಸಾಕು. ಕೊನೆಯವರು ಬಂದು ಎಷ್ಟು ಹೊತ್ತಾಯಿತು, ಈಗಿನವರ ಕೆಲಸ ಎಷ್ಟು ಮುಗಿದಿದೆ ಎಂಬುದೆಲ್ಲ ಬೇಕಿಲ್ಲ.

ಗಂಟೆಗೆ 10 ಜನ ಬರ್ತಾರೆ, 12 ಜನರ ಕೆಲಸ ಮುಗಿಸೋ ಶಕ್ತಿ ಇದೆ. ಹಾಗಿದ್ದ ಮೇಲೆ ಸಾಲು ಯಾಕೆ ಆಗಬೇಕು?

ಸರಿಯಾಗಿ 6 ನಿಮಿಷಕ್ಕೊಬ್ಬರಂತೆ ಬಂದು, ಪ್ರತಿಯೊಬ್ಬರದೂ ಸರಿಯಾಗಿ 5 ನಿಮಿಷದಲ್ಲಿ ಮುಗಿದರೆ ಯಾರೂ ಕಾಯಬೇಕಿಲ್ಲ. ಸಾಲು ಬೆಳೆಯುವುದು ಏರಿಳಿತದಿಂದ. ಸೇವೆಯ ಅವಧಿ ಘಾತೀಯವಾಗಿದ್ದರೆ ಶೇ. 63ರಷ್ಟು ಜನರ ಕೆಲಸ 5 ನಿಮಿಷದೊಳಗೇ ಮುಗಿಯುತ್ತದೆ, ಆದರೆ ಶೇ. 5ರಷ್ಟು ಜನರದು 15 ನಿಮಿಷಕ್ಕೂ ಮೀರುತ್ತದೆ. ಅಂಥ ಒಬ್ಬರು ಕೌಂಟರಿನಲ್ಲಿ ಇರುವಾಗ ಹಿಂದೆ ಇಬ್ಬರೋ ಮೂವರೋ ಸೇರಿಕೊಂಡಿರುತ್ತಾರೆ.

ಹಾಗಾದರೆ ಬೇಗ ಮುಗಿದ ಕೆಲಸಗಳು ಇದನ್ನು ಸರಿದೂಗಿಸಬೇಕಲ್ಲ ಎಂದು ಕೇಳಬಹುದು. ಪೂರ್ತಿ ಸರಿದೂಗಿಸುವುದಿಲ್ಲ. ಯಾರೂ ಇಲ್ಲದೆ ಖಾಲಿ ಕುಳಿತ ಹೊತ್ತನ್ನು ಕೌಂಟರ್ ಕೂಡಿಟ್ಟುಕೊಂಡು ನಂತರದ ನೂಕುನುಗ್ಗಲಿನಲ್ಲಿ ಬಳಸಲಾರದು. ಗಂಟೆಗೆ ಸರಾಸರಿ 10 ನಿಮಿಷ ಹೀಗೆ ಕೈತಪ್ಪಿ ಹೋಗುತ್ತದೆ.

‘ದೀರ್ಘಕಾಲದ ವಿತರಣೆ’ ಅಂತೀರಲ್ಲ, ಸಾಲು ಕೊನೆಗೆ ಒಂದು ಉದ್ದಕ್ಕೆ ಬಂದು ನಿಂತುಬಿಡುತ್ತಾ?

ಇಲ್ಲ. ಸಾಲು ಏರುತ್ತ ಇಳಿಯುತ್ತಲೇ ಇರುತ್ತದೆ. ಒಂದು ನೆಲೆಗೆ ಬರುವುದು ಅನುಪಾತಗಳು ಮಾತ್ರ. ಬಹಳ ಹೊತ್ತು ನೋಡುತ್ತಾ ಹೋದರೆ ಒಟ್ಟು ಸಮಯದಲ್ಲಿ ಎಷ್ಟು ಪಾಲು ಸಾಲು ಖಾಲಿ ಇತ್ತು, ಎಷ್ಟು ಪಾಲು ಒಬ್ಬರಿದ್ದರು, ಎಷ್ಟು ಪಾಲು ಇಬ್ಬರಿದ್ದರು ಎಂಬ ಸಂಖ್ಯೆಗಳು ಬದಲಾಗುವುದನ್ನು ನಿಲ್ಲಿಸುತ್ತವೆ. ಈ ಪಾಲುಗಳೇ π₀, π₁, π₂ ಇತ್ಯಾದಿ. πₙ ಎಂದರೆ ಸಮಯದ ಪಾಲು ಎಂಬುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಮುಂದೆ ಆಗುವ ತಪ್ಪುಗಳಲ್ಲಿ ಹಲವು ಇದನ್ನು ಘಟನೆಗಳ ಪಾಲು ಎಂದುಕೊಂಡು ಆಗುವಂಥವು.

ಇದೇ ಸಂಖ್ಯೆಗೆ ಇನ್ನೊಂದು ಅರ್ಥವೂ ಇದೆ. ಶುರುವಾಗಿ ಬಹಳ ಹೊತ್ತಾದ ಮೇಲೆ ಯಾವುದೋ ಒಂದು ಕ್ಷಣದಲ್ಲಿ ನೋಡಿದರೆ n ಜನ ಕಾಣಿಸುವ ಸಂಭವನೀಯತೆಯೂ πₙ ಆಗಿರುತ್ತದೆ, ಆರಂಭದಲ್ಲಿ ಎಷ್ಟು ಜನ ಇದ್ದರೂ ಸರಿ.

## ಸಮೀಕರಣ ಬರೆಯುವುದು, ಬಿಡಿಸುವುದು

ಸಮತೋಲನ ಸಮೀಕರಣ ಎಲ್ಲಿಂದ ಬರುತ್ತೆ? ಸುಮ್ಮನೆ ಬರೆದುಬಿಡ್ತಾರೆ, ಕಾರಣ ಹೇಳಲ್ಲ.

ಕಾರಣ ಎಣಿಕೆಯದು. ‘ಸಾಲಿನಲ್ಲಿ 2 ಜನ’ ಎಂಬ ಸ್ಥಿತಿಯನ್ನು ತೆಗೆದುಕೊಳ್ಳಿ. ಸಾಲು ಆ ಸ್ಥಿತಿಗೆ ಎಷ್ಟು ಸಲ ಬಂತು, ಅಲ್ಲಿಂದ ಎಷ್ಟು ಸಲ ಹೊರಟಿತು ಎಂದು ಎಣಿಸುತ್ತಾ ಹೋದರೆ ಈ ಎರಡು ಎಣಿಕೆಗಳ ನಡುವೆ ಒಂದಕ್ಕಿಂತ ಹೆಚ್ಚು ಅಂತರ ಎಂದೂ ಬರುವುದಿಲ್ಲ. ಹೊರಡದೆ ಮತ್ತೆ ಬರಲು ಸಾಧ್ಯವಿಲ್ಲವಲ್ಲ! ಹಾಗಾಗಿ ದೀರ್ಘಕಾಲದಲ್ಲಿ ಗಂಟೆಗೆ ಎಷ್ಟು ಸಲ ಬರುತ್ತದೋ ಅಷ್ಟೇ ಸಲ ಹೊರಡುತ್ತದೆ.

ಇನ್ನು ಆ ಎಣಿಕೆಯನ್ನು π ಮೂಲಕ ಬರೆದರಾಯಿತು. 2ರಲ್ಲಿ ಇರುವ ಸಮಯದ ಪಾಲು π₂. ಅಲ್ಲಿರುವಷ್ಟು ಹೊತ್ತೂ ಗಂಟೆಗೆ λ ದರದಲ್ಲಿ ಹೊಸಬರು ಬಂದು, μ ದರದಲ್ಲಿ ಕೆಲಸ ಮುಗಿದು, ಸಾಲು 2ನ್ನು ಬಿಡುತ್ತದೆ. ಆದ್ದರಿಂದ ಹೊರಡುವ ದರ (λ+μ)π₂. 2ಕ್ಕೆ ಬರುವುದು ಎರಡೇ ದಾರಿಯಲ್ಲಿ: 1ರಲ್ಲಿದ್ದಾಗ ಒಬ್ಬರು ಬಂದರೆ, ಅಥವಾ 3ರಲ್ಲಿದ್ದಾಗ ಒಬ್ಬರದು ಮುಗಿದರೆ. ಎರಡನ್ನೂ ಸಮ ಮಾಡಿದರೆ

(λ+μ)π₂ = λπ₁ + μπ₃

ಇದೇ ರೀತಿ n = 1, 2, 3, … ಎಲ್ಲಕ್ಕೂ ಬರೆಯಬಹುದು. ಬಿಡುವ ದರವನ್ನೂ ಸೇರುವ ದರವನ್ನೂ ಹೀಗೆ ಸರಿದೂಗಿಸಿ ಉತ್ತರ ಪಡೆಯುವ ದಾರಿಯನ್ನು ಎರ್ಲಾಂಗ್ 1917ರಲ್ಲೇ ಟೆಲಿಫೋನ್ ಕರೆಗಳ ಲೆಕ್ಕಕ್ಕೆ ಬಳಸಿದ್ದರು.

ಒಂದೊಂದು ಸಮೀಕರಣದಲ್ಲೂ ಮೂರು ಅಜ್ಞಾತ, ಸಮೀಕರಣಗಳೋ ಅನಂತ. ಬಿಡಿಸೋದು ಹೇಗೆ?

ಸ್ಥಿತಿಯ ಸುತ್ತ ಎಣಿಸುವುದನ್ನು ಬಿಟ್ಟು ಎರಡು ಸ್ಥಿತಿಗಳ ನಡುವೆ ಒಂದು ಗೆರೆ ಎಳೆಯಿರಿ. ನನ್ನ ಪ್ರಕಾರ ಪಾಠ ಶುರುವಾಗಬೇಕಾದ್ದೇ ಇಲ್ಲಿಂದ.

n ಮತ್ತು n+1ರ ನಡುವೆ ಗೆರೆ ಇದೆ ಎಂದುಕೊಳ್ಳಿ. ಸಾಲು ಒಂದು ಸಲಕ್ಕೆ ಒಂದೇ ಹೆಜ್ಜೆ ಮೇಲಕ್ಕೋ ಕೆಳಕ್ಕೋ ಹೋಗುವುದರಿಂದ, ಗೆರೆಯನ್ನು ಮೇಲ್ಮುಖವಾಗಿ ದಾಟಿದ ಮೇಲೆ ಕೆಳಮುಖವಾಗಿ ದಾಟದೆ ಮತ್ತೆ ಮೇಲ್ಮುಖವಾಗಿ ದಾಟಲಾಗದು. ಮೇಲೆ ಹೋದ ಎಣಿಕೆ, ಕೆಳಗೆ ಬಂದ ಎಣಿಕೆ ಎರಡೂ ಸಮ. ಮೇಲೆ ಹೋಗುವ ದರ λπₙ, ಕೆಳಗೆ ಬರುವ ದರ μπₙ₊₁. ಹಾಗಾಗಿ

λπₙ = μπₙ₊₁

ಈಗ ಅಜ್ಞಾತಗಳು ಎರಡೇ. ρ = λ/μ ಎಂದು ಬರೆದರೆ πₙ₊₁ = ρπₙ. ಸೊನ್ನೆಯಿಂದ ಶುರುಮಾಡಿ ಒಂದೊಂದೇ ಮೆಟ್ಟಿಲು ಹತ್ತಿದರೆ πₙ = ρⁿπ₀. ಉಳಿದದ್ದು π₀ ಒಂದೇ. ಪಾಲುಗಳ ಮೊತ್ತ 1 ಆಗಬೇಕು; ಗುಣೋತ್ತರ ಶ್ರೇಢಿಯ ಮೊತ್ತ 1 + ρ + ρ² + … = 1/(1−ρ), ρ < 1 ಇದ್ದರೆ ಮಾತ್ರ. ಆದ್ದರಿಂದ π₀ = 1−ρ, ಮತ್ತು

πₙ = (1−ρ)ρⁿ

ಮೂರು ಪದಗಳ ಸಮೀಕರಣದಿಂದಲೂ ಇಲ್ಲಿಗೇ ಬರಬಹುದು. n = 0 ಇಂದ n ವರೆಗಿನ ಸಮೀಕರಣಗಳನ್ನೆಲ್ಲ ಕೂಡಿದರೆ ಎರಡೂ ಕಡೆಯ ಪದಗಳು ಹೊಡೆದುಹೋಗಿ ಗೆರೆಯ ಸಮೀಕರಣವೇ ಉಳಿಯುತ್ತದೆ.

ನಮ್ಮ ಕೌಂಟರಿಗೆ ಸಂಖ್ಯೆ ಹಾಕಿ ತೋರಿಸಿ. ಸರಿ ಬಂದಿದೆಯೋ ಇಲ್ಲವೋ ನೋಡೋದು ಹೇಗೆ?

ρ = 10/12 = 5/6. ಹಾಗಾಗಿ π₀ = 1/6, ಅಂದರೆ 0.1667. ಅಲ್ಲಿಂದ ಮುಂದೆ ಪ್ರತಿ ಸಲವೂ 5/6ರಿಂದ ಗುಣಿಸುತ್ತಾ ಹೋಗಿ: π₁ = 0.1389, π₂ = 0.1157, π₃ = 0.0965.

ಪರೀಕ್ಷೆಗೆ ಬಿಡಿಸುವಾಗ ಬಳಸದೇ ಇದ್ದ ಸಮೀಕರಣವನ್ನು ಹಿಡಿಯಿರಿ. ನಾವು ಗೆರೆಯ ಸಮೀಕರಣದಿಂದ ಬಂದೆವು, ಹಾಗಾಗಿ ಸ್ಥಿತಿ 2ರ ಮೂರು ಪದಗಳ ಸಮೀಕರಣ ತೆಗೆದುಕೊಳ್ಳೋಣ. ಎಡಗಡೆ 22 × 0.1157 = 2.545. ಬಲಗಡೆ 10 × 0.1389 + 12 × 0.0965 = 1.389 + 1.158 = 2.547. ಕೊನೆಯ ಅಂಕಿಯ ವ್ಯತ್ಯಾಸ ದಶಮಾಂಶ ಕತ್ತರಿಸಿದ್ದರಿಂದ ಬಂದದ್ದು. ಭಿನ್ನರಾಶಿಯಲ್ಲಿ ಮಾಡಿದರೆ ಎರಡೂ ಕರಾರುವಾಕ್ಕಾಗಿ ಸಮ. ಗಂಟೆಗೆ ಸುಮಾರು ಎರಡೂವರೆ ಸಲ ಸಾಲು ‘2 ಜನ’ ಎಂಬ ಸ್ಥಿತಿಗೆ ಬರುತ್ತದೆ, ಅಷ್ಟೇ ಸಲ ಅದನ್ನು ಬಿಡುತ್ತದೆ.

ಸೊನ್ನೆಗೂ (λ+μ)π₀ = μπ₁ ಅಂತ ಬರೆದೆ. ಆಮೇಲೆ ಮೊತ್ತ 1 ಆಗ್ತಾನೇ ಇಲ್ಲ, ಯಾಕೆ?

ಖಾಲಿ ಕೌಂಟರಿನಲ್ಲಿ ಮುಗಿಸಲು ಕೆಲಸವೇ ಇಲ್ಲ. ಸೊನ್ನೆಯಿಂದ ಹೊರಡುವ ದಾರಿ ಒಂದೇ, ಆಗಮನ. ಆದ್ದರಿಂದ ಅಲ್ಲಿ λπ₀ = μπ₁ ಎಂದಷ್ಟೇ ಬರೆಯಬೇಕು.

ಈ ತಪ್ಪು ಎಲ್ಲಿಗೆ ಒಯ್ಯುತ್ತದೆ ನೋಡಿ. ನಿಮ್ಮ ಸಮೀಕರಣದಿಂದ π₁ = (1+ρ)π₀ ಬರುತ್ತದೆ. ಅದನ್ನು ಮುಂದಿನದಕ್ಕೆ ಹಾಕಿದರೆ π₂ = (1+ρ+ρ²)π₀. ಹೀಗೆ ಪ್ರತಿ ಪಾಲೂ ಹಿಂದಿನದಕ್ಕಿಂತ ದೊಡ್ಡದಾಗುತ್ತಾ π₀/(1−ρ) ಕಡೆಗೆ ಸಾಗುತ್ತದೆ, ಮೊತ್ತ ಅನಂತವಾಗುತ್ತದೆ. ρ < 1 ಇದ್ದೂ ಮೊತ್ತ ಸಿಗಲಿಲ್ಲ ಎಂದರೆ ಮೊದಲು ಅಂಚಿನ ಸಮೀಕರಣ ನೋಡಿ. ಒಳಗಿನ ಸಮೀಕರಣಗಳಲ್ಲಿ ತಪ್ಪಾಗುವುದು ಅಪರೂಪ.

## ಉತ್ತರವನ್ನು ಓದುವುದು

ಸರಾಸರಿ 5 ಜನ ಅಂತ ಬರುತ್ತೆ, ಆದರೆ ಎಲ್ಲಕ್ಕಿಂತ ದೊಡ್ಡ ಸಂಭವನೀಯತೆ ಸೊನ್ನೆಗೆ ಇದೆ. ಯಾವುದನ್ನು ನಂಬಲಿ?

ಎರಡೂ ನಿಜ. ಸರಾಸರಿ L = ρ/(1−ρ), ನಮ್ಮ ಲೆಕ್ಕದಲ್ಲಿ 5. ಪಾಲುಗಳು ಸೊನ್ನೆಯಿಂದ ಒಂದೇ ಸಮನೆ ಇಳಿಯುತ್ತಾ ಹೋಗುವುದರಿಂದ ρ ಎಷ್ಟೇ ಇರಲಿ, 1ಕ್ಕಿಂತ ಕಡಿಮೆ ಇದ್ದರೆ, ಅತಿ ಹೆಚ್ಚು ಕಾಣಿಸುವ ಒಂಟಿ ಸಂಖ್ಯೆ ಸೊನ್ನೆಯೇ. ಅರ್ಧಕ್ಕಿಂತ ಹೆಚ್ಚು ಹೊತ್ತು ಸಾಲಿನಲ್ಲಿ 3 ಅಥವಾ ಅದಕ್ಕಿಂತ ಕಡಿಮೆ ಜನ ಇರುತ್ತಾರೆ.

ಸರಾಸರಿಯನ್ನು 5ಕ್ಕೆ ಎಳೆಯುವುದು ಉದ್ದನೆಯ ಬಾಲ. n ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಸಂಭವನೀಯತೆ ρⁿ. ನಮ್ಮ ಕೌಂಟರಿನಲ್ಲಿ 10 ಅಥವಾ ಹೆಚ್ಚು ಜನ ಇರುವುದು (5/6)¹⁰ = 0.16, ಅಂದರೆ ಆರರಲ್ಲಿ ಒಂದು ಪಾಲು ಸಮಯ. ಕೌಂಟರ್ ಖಾಲಿ ಇರುವ ಸಮಯವೂ ಹೆಚ್ಚುಕಮ್ಮಿ ಇಷ್ಟೇ! ಕೂರಲು ಎಷ್ಟು ಆಸನ ಬೇಕು ಎಂದು ನಿರ್ಧರಿಸುವವರು L ನೋಡಿ ಐದು ಹಾಕಿದರೆ ಸಾಲದು, ρⁿ ನೋಡಬೇಕು. ಮಾನಕ ವಿಚಲನೆ √ρ/(1−ρ), ಇಲ್ಲಿ 5.5, ಸರಾಸರಿಗಿಂತಲೂ ದೊಡ್ಡದು.

ಒಟ್ಟು 5 ಜನರಲ್ಲಿ ಒಬ್ಬರು ಕೌಂಟರಿನಲ್ಲಿ ಇರ್ತಾರೆ. ಹಾಗಾದರೆ ಕಾಯುವವರು 4 ಆಗಬೇಕು, ಪುಸ್ತಕದ ಸೂತ್ರ 4.17 ಕೊಡುತ್ತೆ?

ಕೌಂಟರಿನಲ್ಲಿ ಯಾವಾಗಲೂ ಒಬ್ಬರು ಇರುವುದಿಲ್ಲ. 5/6 ಪಾಲು ಸಮಯ ಒಬ್ಬರು, 1/6 ಪಾಲು ಸಮಯ ಯಾರೂ ಇಲ್ಲ, ಸರಾಸರಿ 0.83. ಕಳೆಯಬೇಕಾದ್ದು 1 ಅಲ್ಲ, ρ. 5 − 0.83 = 4.17.

ಸಾಲಿನ ಉದ್ದದ ವಿತರಣೆ ಗೊತ್ತಾಯ್ತು. ಈಗ ಬಂದವರು ಎಷ್ಟು ಹೊತ್ತು ಇರಬೇಕು ಅನ್ನೋದನ್ನು ಅದರಿಂದಲೇ ಹೇಳಬಹುದಾ?

ಹೇಳಬಹುದು. ಮೊದಲು ಒಂದು ಹೆಜ್ಜೆ ಗಮನಿಸಬೇಕು: πₙ ಸಮಯದ ಪಾಲು, ನಮಗೆ ಬೇಕಿರುವುದು ಬರುವವರ ಕಣ್ಣಿಗೆ ಕಾಣುವ ಪಾಲು. ಇವೆರಡೂ ಒಂದೇ ಆಗಬೇಕೆಂದಿಲ್ಲ. 6 ನಿಮಿಷಕ್ಕೊಬ್ಬರು ಬಂದು 5 ನಿಮಿಷದಲ್ಲಿ ಮುಗಿಸಿ ಹೋಗುವ ಗಡಿಯಾರದಂಥ ಕೌಂಟರಿನಲ್ಲಿ ಬರುವ ಪ್ರತಿಯೊಬ್ಬರಿಗೂ ಕೌಂಟರ್ ಖಾಲಿಯೇ ಕಾಣುತ್ತದೆ, ನಿಜದಲ್ಲಿ ಅದು ಖಾಲಿ ಇರುವುದು ಆರನೇ ಒಂದು ಪಾಲು ಹೊತ್ತು ಮಾತ್ರ. ಆಗಮನಗಳ ನಡುವಿನ ಅವಧಿ ಘಾತೀಯವಾಗಿದ್ದಾಗ, ಅಂದರೆ ಪ್ವಾಸೋನ್ ಆಗಮನದಲ್ಲಿ, ಬರುವ ಕ್ಷಣಕ್ಕೂ ಸಾಲಿನ ಸ್ಥಿತಿಗೂ ಸಂಬಂಧ ಇರುವುದಿಲ್ಲ. ಹಾಗಾಗಿ ಬರುವವರಿಗೂ n ಜನ ಕಾಣುವ ಸಂಭವನೀಯತೆ πₙ ಆಗುತ್ತದೆ.

ಇನ್ನು ಲೆಕ್ಕ ಸುಲಭ. ಬಂದವರಿಗೆ ಸರಾಸರಿ 5 ಜನ ಕಾಣುತ್ತಾರೆ, ತಾವೂ ಸೇರಿ 6 ಸೇವೆಗಳು ಮುಗಿಯಬೇಕು. ನಡೆಯುತ್ತಿರುವ ಸೇವೆಗೂ, ನೆನಪಿಲ್ಲದ ಗುಣದಿಂದ, ಪೂರಾ 5 ನಿಮಿಷವೇ ಲೆಕ್ಕ. ಒಟ್ಟು 30 ನಿಮಿಷ. ಅದರಲ್ಲಿ 25 ಕಾಯುವುದು, 5 ಸೇವೆ. ಒಳಗಿರುವ ಸರಾಸರಿ ಅವಧಿಯನ್ನು W ಎಂದು ಕರೆದು ಲಿಟ್ಲ್ ನಿಯಮ L = λW ಹಾಕಿದರೂ 5 = 10 × W, ಅರ್ಧ ಗಂಟೆ. ಬಂದ ಕ್ರಮದಲ್ಲೇ ಸೇವೆ ಕೊಟ್ಟರೆ ಈ ಒಟ್ಟು ಅವಧಿಯೂ ಘಾತೀಯವೇ, ದರ μ−λ. ಒಂದು ಗಂಟೆಗಿಂತ ಹೆಚ್ಚು ಹೊತ್ತು ಹಿಡಿಯುವ ಸಂಭವನೀಯತೆ e⁻², ಅಂದರೆ ಶೇ. 13.5.

ಗಂಟೆಗೆ ಒಬ್ಬರೇ ಒಬ್ಬರು ಜಾಸ್ತಿ ಬಂದದ್ದಕ್ಕೆ ಸಾಲು ಎರಡರಷ್ಟಾಯ್ತು. ಸೂತ್ರದಲ್ಲೇ ಹಾಗಿದೆಯಾ?

ಹೌದು. λ = 11 ಆದರೆ ρ = 11/12, L = 11, ಒಳಗಿರುವ ಅವಧಿ ಒಂದು ಗಂಟೆ. ಆಗಮನ ಶೇ. 10 ಏರಿದ್ದಕ್ಕೆ ಸಾಲು ಎರಡರಷ್ಟಕ್ಕೂ ಮೀರಿತು. ಛೇದದಲ್ಲಿರುವ 1−ρ, ಅಂದರೆ ಕೌಂಟರಿನ ಬಿಡುವು, 1/6ರಿಂದ 1/12ಕ್ಕೆ ಅರ್ಧವಾದದ್ದೇ ಇದಕ್ಕೆ ಕಾರಣ. ಕೌಂಟರ್ ಎಷ್ಟು ಹೊತ್ತು ದುಡಿಯುತ್ತಿದೆ ಎಂದು ನೋಡುವವರಿಗೆ ಶೇ. 83ರಿಂದ 92 ಎಂಬುದು ಸಣ್ಣ ಏರಿಕೆಯಂತೆ ಕಾಣುತ್ತದೆ. ಎಷ್ಟು ಬಿಡುವು ಉಳಿದಿದೆ ಎಂದು ನೋಡಿದರೆ ಆಶ್ಚರ್ಯ ಆಗುವುದಿಲ್ಲ.

## ಕೈಕೊಡುವ ಜಾಗಗಳು

λ ಮತ್ತು μ ಸಮ ಇದ್ದರೆ ಬರುವುದೂ ಹೋಗುವುದೂ ಸರಿಹೋಗಬೇಕಲ್ವಾ? ಉತ್ತರ ಯಾಕಿಲ್ಲ?

ρ = 1 ಹಾಕಿದರೆ ಗೆರೆಯ ಸಮೀಕರಣ πₙ₊₁ = πₙ ಎನ್ನುತ್ತದೆ. ಎಲ್ಲ ಸ್ಥಿತಿಗಳಿಗೂ ಒಂದೇ ಪಾಲು. ಅನಂತ ಸ್ಥಿತಿಗಳಿಗೆ ಸಮಪಾಲು ಹಂಚಿ ಮೊತ್ತ 1 ಮಾಡಲು ಸಾಧ್ಯವಿಲ್ಲ: ಪಾಲು ಸೊನ್ನೆಯಾದರೆ ಮೊತ್ತವೂ ಸೊನ್ನೆ, ಸೊನ್ನೆಗಿಂತ ಹೆಚ್ಚಾದರೆ ಮೊತ್ತ ಅನಂತ. ಸಮೀಕರಣಕ್ಕೆ ಪರಿಹಾರ ಇದೆ, ವಿತರಣೆ ಇಲ್ಲ.

ಸಾಲಿನ ನಡವಳಿಕೆ ಕುತೂಹಲದ್ದು. ಅದು ಖಾಲಿಯಾಗುವುದನ್ನು ನಿಲ್ಲಿಸುವುದಿಲ್ಲ. ಎಂದಾದರೊಮ್ಮೆ ಸೊನ್ನೆಗೆ ಮರಳುವುದು ಖಚಿತ, ಆದರೆ ಮರಳಲು ಬೇಕಾದ ಸರಾಸರಿ ಸಮಯ ಅನಂತ. ಖಾಲಿಯಿಂದ ಶುರುವಾದರೆ t ಹೊತ್ತಿನ ನಂತರದ ಸರಾಸರಿ ಉದ್ದ √t ಪ್ರಕಾರ ಬೆಳೆಯುತ್ತದೆ, ಅಂದಾಜು √(4λt/3.14). λ = μ = 12 ಇದ್ದರೆ 100 ಗಂಟೆಯ ನಂತರ ಸುಮಾರು 39 ಜನ, 400 ಗಂಟೆಯ ನಂತರ ಸುಮಾರು 78. ಸಮಯ ನಾಲ್ಕು ಪಟ್ಟಾದರೆ ಸಾಲು ಎರಡು ಪಟ್ಟು. λ > μ ಆದರೆ ಬೆಳವಣಿಗೆ ನೇರ ಗೆರೆಯದು: ಗಂಟೆಗೆ λ−μ ಜನ. ನಿಮ್ಮ ಅಳತೆಯ ನಕ್ಷೆ ಬಾಗಿ ಏರುತ್ತಿದೆಯೋ ನೇರ ಏರುತ್ತಿದೆಯೋ ಎಂದು ನೋಡಿ ಯಾವ ಸ್ಥಿತಿಯಲ್ಲಿದ್ದೀರಿ ಎಂದು ಊಹಿಸಬಹುದು. ಒಂದೇ ಓಟದ ನಕ್ಷೆಯಲ್ಲಿ ಏರಿಳಿತ ಬಹಳ ಇರುವುದರಿಂದ ಹಲವು ಓಟಗಳ ಸರಾಸರಿ ಬೇಕಾಗುತ್ತದೆ.

ಸಿಮ್ಯುಲೇಶನ್ ಮಾಡಿದೆ. ಖಾಲಿ ಇರುವ ಪಾಲು 0.167 ಬರಬೇಕಿತ್ತು, ಎಷ್ಟು ಸಲ ಓಡಿಸಿದರೂ 0.083 ಬರುತ್ತೆ. ಸೂತ್ರ ತಪ್ಪಾ?

ಸೂತ್ರ ಸರಿ ಇದೆ. ನಿಮ್ಮ ಸಂಖ್ಯೆ ಸರಿಯಾಗಿ ಅರ್ಧ ಇದೆ ಎಂಬುದರಲ್ಲೇ ಕಾರಣ ಸಿಗುತ್ತದೆ. ನೀವು ಸಮಯ ಅಳೆದಿಲ್ಲ, ಘಟನೆಗಳನ್ನು ಎಣಿಸಿದ್ದೀರಿ. ಕೆಳಗಿನದು ಎರಡನ್ನೂ ಪಕ್ಕಪಕ್ಕ ತೋರಿಸುತ್ತದೆ:

```python
import random
lam, mu = 10.0, 12.0
n, T, t_empty = 0, 0.0, 0.0
jumps, jumps_empty = 0, 0
while T < 100000:
    rate = lam + (mu if n > 0 else 0)
    dt = random.expovariate(rate)
    T += dt
    jumps += 1
    if n == 0:
        t_empty += dt
        jumps_empty += 1
    if random.random() < lam / rate:
        n += 1
    else:
        n -= 1
print(t_empty / T, jumps_empty / jumps)
```

ಮೊದಲ ಸಂಖ್ಯೆ 0.167ರ ಹತ್ತಿರ ಬರುತ್ತದೆ, ಎರಡನೆಯದು 0.083ರ ಹತ್ತಿರ. ಖಾಲಿ ಇರುವಾಗ ಮುಂದಿನ ಘಟನೆಗೆ ಸರಾಸರಿ 6 ನಿಮಿಷ ಕಾಯಬೇಕು, ಏಕೆಂದರೆ ದರ 10 ಮಾತ್ರ. ಜನ ಇದ್ದಾಗ ದರ 22, ಸರಾಸರಿ ಮೂರು ನಿಮಿಷಕ್ಕೂ ಕಡಿಮೆ ಹೊತ್ತಿನಲ್ಲಿ ಏನಾದರೊಂದು ಆಗುತ್ತದೆ. ಹೀಗಾಗಿ ಘಟನೆಗಳ ಪಟ್ಟಿಯಲ್ಲಿ ಖಾಲಿ ಸ್ಥಿತಿಗೆ ಸಲ್ಲಬೇಕಾದ ತೂಕ ಸಿಗುವುದಿಲ್ಲ.

ಅರ್ಧವೇ ಯಾಕೆ ಎಂದರೆ: ದೀರ್ಘಕಾಲದಲ್ಲಿ ಗಂಟೆಗೆ λ ಜನ ಬರುತ್ತಾರೆ, λ ಜನ ಹೋಗುತ್ತಾರೆ, ಒಟ್ಟು 2λ ಘಟನೆಗಳು. ಅವುಗಳಲ್ಲಿ ಖಾಲಿ ಸ್ಥಿತಿಯಿಂದ ಹೊರಟವು λπ₀. ಅನುಪಾತ π₀/2. λ, μ ಏನೇ ಇದ್ದರೂ ಈ ತಪ್ಪು ಅರ್ಧವನ್ನೇ ಕೊಡುವುದರಿಂದ ಪತ್ತೆ ಮಾಡುವುದು ಸುಲಭ.

ಕೌಂಟರ್ ದಿನಕ್ಕೆ 8 ಗಂಟೆ ತೆರೆದಿರುತ್ತೆ. ತಿಂಗಳುಗಟ್ಟಲೆ ಅಳೆದರೂ ಸರಾಸರಿ 5ಕ್ಕೆ ಬರೋದೇ ಇಲ್ಲ, ಕಡಿಮೆಯೇ ಇರುತ್ತೆ. λ, μ ಸರಿಯಾಗೇ ಇವೆ.

ಈ ಪಟ್ಟಿಯಲ್ಲಿ ನನಗೆ ಅತಿ ಮುಖ್ಯ ಎನಿಸುವ ಪ್ರಶ್ನೆ ಇದು. ‘ದೀರ್ಘಕಾಲ’ ಎಂದರೆ ಎಷ್ಟು ಕಾಲ ಎಂದು ಸಮತೋಲನ ಸಮೀಕರಣ ಹೇಳುವುದಿಲ್ಲ. ಸಮಯ ಎಂಬುದು ಅದರಲ್ಲಿ ಇಲ್ಲವೇ ಇಲ್ಲ.

ಆರಂಭದ ಸ್ಥಿತಿಯ ಪ್ರಭಾವ ಅಳಿಯುವ ವೇಗಕ್ಕೆ ಬೇರೆಯದೇ ಅಳತೆ ಇದೆ. M/M/1ರಲ್ಲಿ ಆ ಕಾಲಮಾನ 1/(√μ−√λ)². ನಮ್ಮ ಸಂಖ್ಯೆ ಹಾಕಿ: √12 = 3.464, √10 = 3.162, ವ್ಯತ್ಯಾಸ 0.302, ಅದರ ವರ್ಗ 0.091. ಅಂದರೆ ಸುಮಾರು 11 ಗಂಟೆ. ನಿಮ್ಮ ಕೌಂಟರ್ ಬೆಳಗ್ಗೆ ಖಾಲಿಯಾಗಿ ಶುರುವಾಗಿ, ನೆಲೆಗೊಳ್ಳುವ ಮುಂಚೆಯೇ ಬಾಗಿಲು ಹಾಕುತ್ತದೆ. ಮಾರನೆಯ ದಿನ ಮತ್ತೆ ಸೊನ್ನೆಯಿಂದ. ತಿಂಗಳುಗಟ್ಟಲೆ ಅಳೆದರೂ ಅದು ದೀರ್ಘಕಾಲದ ಒಂದು ಓಟವಾಗದು. ಅದು 8 ಗಂಟೆಯ ಹಲವು ಓಟ. ಖಾಲಿಯಿಂದ ಶುರುವಾದ ಸಾಲಿನ ಸರಾಸರಿ ಯಾವ ಕ್ಷಣದಲ್ಲೂ 5ಕ್ಕಿಂತ ಕೆಳಗೇ ಇರುತ್ತದೆ, ಹಾಗಾಗಿ ನಿಮ್ಮ ಅಳತೆ ಕಡಿಮೆ ಬರಲೇಬೇಕು.

λ = 6 ಇದ್ದಿದ್ದರೆ ಇದೇ ಕಾಲಮಾನ ಒಂದು ಗಂಟೆಗಿಂತ ಸ್ವಲ್ಪ ಕಡಿಮೆ ಆಗುತ್ತಿತ್ತು, ಸೂತ್ರವನ್ನು ದಿನದ ಲೆಕ್ಕಕ್ಕೆ ಧೈರ್ಯವಾಗಿ ಬಳಸಬಹುದಿತ್ತು. λ = 11 ಆದರೆ ಅದು ಸುಮಾರು 46 ಗಂಟೆ. ρ 1ರ ಹತ್ತಿರ ಹೋದಷ್ಟೂ ಸೂತ್ರ ಕೊಡುವ ಸಂಖ್ಯೆ ಹೆದರಿಸುವಂತಿರುತ್ತದೆ, ಆದರೆ ಆ ಸಂಖ್ಯೆ ನಿಜವಾಗಲು ಬೇಕಾದ ಕಾಲವೂ ಹಾಗೆಯೇ ಹಿಗ್ಗುತ್ತದೆ. ಸೂತ್ರ ಬಳಸುವ ಮುನ್ನ ಈ ಕಾಲಮಾನವನ್ನು ಲೆಕ್ಕ ಹಾಕಿ, λ ಮತ್ತು μ ಬದಲಾಗದೆ ಉಳಿಯುವ ಅವಧಿಗೆ ಹೋಲಿಸಿ. ಮಧ್ಯಾಹ್ನಕ್ಕೇ λ ಬದಲಾಗುವುದಾದರೆ ಇಡೀ ದಿನದ ಸರಾಸರಿ λ ಹಾಕಿ ತೆಗೆದ L ಯಾವ ಗಂಟೆಗೂ ಸೇರಿದ್ದಲ್ಲ.

ಒಳಗೆ 5 ಜನರಿಗಷ್ಟೇ ಜಾಗ, ಆಮೇಲೆ ಬಂದವರು ವಾಪಸ್ ಹೋಗ್ತಾರೆ. ಮೊದಲಿಂದ ಎಲ್ಲ ಮತ್ತೆ ಮಾಡಬೇಕಾ?

ಬೇಕಿಲ್ಲ. ಗೆರೆಯ ಸಮೀಕರಣಗಳು 4 ಮತ್ತು 5ರ ನಡುವಿನವರೆಗೂ ಹಾಗೇ ಇರುತ್ತವೆ, ಅದರಾಚೆಗೆ ಗೆರೆಯೇ ಇಲ್ಲ. πₙ = ρⁿπ₀ ಉಳಿಯುತ್ತದೆ, ಬದಲಾಗುವುದು ಮೊತ್ತ ಮಾತ್ರ: π₀ = (1−ρ)/(1−ρ⁶). ನಮ್ಮ ಸಂಖ್ಯೆಗಳಲ್ಲಿ π₅ = 0.10, ಅಂದರೆ ಹತ್ತರಲ್ಲಿ ಒಬ್ಬರು ವಾಪಸ್. ಸ್ಥಿತಿಗಳು ಆರೇ ಇರುವುದರಿಂದ ρ = 1 ಆದರೂ ತೊಂದರೆ ಇಲ್ಲ, ಪ್ರತಿಯೊಂದಕ್ಕೂ 1/6. ಲಿಟ್ಲ್ ನಿಯಮ ಬಳಸುವಾಗ ಮಾತ್ರ ಎಚ್ಚರ: λ ಬದಲು ನಿಜವಾಗಿ ಒಳಗೆ ಸೇರಿದವರ ದರ λ(1−π₅) ಹಾಕಬೇಕು.

ಸೇವೆಯ ಸಮಯ ಘಾತೀಯ ಅಲ್ಲ ಅಂತ ಅನುಮಾನ ಇದೆ. ಆಗಲೂ ಇದೇ ಸಮೀಕರಣ ಬರೆಯಬಹುದಾ?

ಗೆರೆಯ ಎರಡೂ ಕಡೆಯ ದಾಟುವಿಕೆ ಸಮ ಎಂಬ ವಾದ ಆಗಲೂ ಸರಿಯೇ. ಮುರಿದು ಬೀಳುವುದು ಕೆಳಮುಖ ದರವನ್ನು μπₙ₊₁ ಎಂದು ಬರೆದದ್ದು. ಮುಗಿಯುವ ದರ ಈಗಿನ ಸೇವೆ ಎಷ್ಟು ಹೊತ್ತಿನಿಂದ ನಡೆದಿದೆ ಎಂಬುದನ್ನೂ ಅವಲಂಬಿಸುತ್ತದೆ, ಆ ಸರಾಸರಿ ದರ n ಬದಲಾದಂತೆ ಬದಲಾಗುತ್ತದೆ.

ಅನುಮಾನ ಪರೀಕ್ಷಿಸಲು ಮೊದಲು ಸೇವೆಯ ಅವಧಿಗಳ ಸರಾಸರಿಯನ್ನೂ ಮಾನಕ ವಿಚಲನೆಯನ್ನೂ ಹೋಲಿಸಿ. ಘಾತೀಯವಾಗಿದ್ದರೆ ಎರಡೂ ಸಮ ಇರಬೇಕು. ವಿಚಲನೆ ಸರಾಸರಿಯ c ಪಟ್ಟು ಇದ್ದರೆ, ಆಗಮನ ಪ್ವಾಸೋನ್ ಆಗಿಯೇ ಇರುವವರೆಗೆ, ಕಾಯುವವರ ಸರಾಸರಿ ಸಂಖ್ಯೆಯನ್ನು (1+c²)/2 ರಿಂದ ಗುಣಿಸಬೇಕು; ಪೊಲ್ಲಾಚೆಕ್ ಮತ್ತು ಖಿಂಚಿನ್ ಅವರ ಸೂತ್ರ ಇದು. ಎಲ್ಲರದೂ ಸರಿಯಾಗಿ 5 ನಿಮಿಷ ಆದರೆ c = 0, ಕಾಯುವವರು 4.17ರಿಂದ 2.08ಕ್ಕೆ ಇಳಿಯುತ್ತಾರೆ. ಗಮನಿಸಿ, π₀ ಮಾತ್ರ ಆಗಲೂ 1−ρ. ಹಾಗಾಗಿ ಖಾಲಿ ಇರುವ ಪಾಲು ಹೊಂದಿಕೆಯಾಯಿತು ಎಂದ ಮಾತ್ರಕ್ಕೆ ಸೇವೆ ಘಾತೀಯ ಎಂದು ತೀರ್ಮಾನಿಸಲಾಗದು.

ಕೌಂಟರಿನಿಂದ ಹೊರಬರುವವರು ಮುಂದಿನ ಕೌಂಟರಿಗೆ ಹೋಗ್ತಾರೆ. ಅಲ್ಲಿಗೆ ಆಗಮನದ ದರ μ ಅಂತ ಹಾಕಲಾ?

ಹಾಕಬೇಡಿ. μ ದರದಲ್ಲಿ ಹೊರಬರುವುದು ಕೌಂಟರ್ ದುಡಿಯುತ್ತಿರುವಾಗ ಮಾತ್ರ. ದುಡಿಯುವ ಪಾಲು ρ, ಆದ್ದರಿಂದ ಹೊರಬರುವ ದೀರ್ಘಕಾಲದ ದರ ρμ = λ, ಗಂಟೆಗೆ 10.

ದರಕ್ಕಿಂತ ಹೆಚ್ಚಿನದನ್ನೂ ಹೇಳಬಹುದು. λπₙ = μπₙ₊₁ ಎಂದರೆ n ಇಂದ n+1ಕ್ಕೆ ಎಷ್ಟು ಸಲ ಹೋಗುತ್ತದೋ ಅಷ್ಟೇ ಸಲ ಮರಳುತ್ತದೆ, ಪ್ರತಿ ಜೋಡಿಗೂ. ನೆಲೆಗೊಂಡ ಸಾಲಿನ ದಾಖಲೆಯನ್ನು ಹಿಂದುಮುಂದು ಮಾಡಿ ಓಡಿಸಿದರೆ ಯಾವುದು ಮೂಲ, ಯಾವುದು ತಿರುವಿದ್ದು ಎಂದು ಸಂಖ್ಯಾಶಾಸ್ತ್ರದಿಂದ ಗುರುತಿಸಲಾಗದು ಎಂಬುದು ಇದರ ಫಲ. ತಿರುವಿದ ದಾಖಲೆಯಲ್ಲಿ ಹೊರಹೋದವರೇ ಬರುವವರಾಗುತ್ತಾರೆ. ಹಾಗಾಗಿ ಅವರೂ λ ದರದ ಪ್ವಾಸೋನ್ ಆಗಿರಬೇಕು. ಪಾಲ್ ಬರ್ಕ್ 1956ರಲ್ಲಿ ಸಾಧಿಸಿದ ಪ್ರಮೇಯ ಇದು.

ಎರಡನೇ ಕೌಂಟರಿನ ಸೇವೆಯೂ ಘಾತೀಯವಾಗಿ, ಮೊದಲನೆಯದರಿಂದ ಸ್ವತಂತ್ರವಾಗಿ, ಅದರ ದರ 10ಕ್ಕಿಂತ ಹೆಚ್ಚಿದ್ದರೆ ಅದೂ ಒಂದು M/M/1. ಯಾವುದೇ ಒಂದು ಕ್ಷಣದಲ್ಲಿ ಎರಡೂ ಸಾಲುಗಳ ಉದ್ದಗಳು ಒಂದಕ್ಕೊಂದು ಸಂಬಂಧವಿಲ್ಲದೆ ಇರುತ್ತವೆ, ಎರಡು ಗುಣೋತ್ತರ ವಿತರಣೆಗಳನ್ನು ಗುಣಿಸಿ ಜಂಟಿ ವಿತರಣೆ ಬರೆಯಬಹುದು. ಮೊದಲ ಕೌಂಟರಿನ ಸೇವೆ ಘಾತೀಯವಲ್ಲದಿದ್ದರೆ ಹೊರಬರುವ ದರ λ ಎಂಬುದು ಉಳಿಯುತ್ತದೆ, ಪ್ವಾಸೋನ್ ಎಂಬುದು ಉಳಿಯುವುದಿಲ್ಲ.